ಮೂರನೇ ಬೆಲ್‌ನ ಅಲಮೇಲು

ಅಲಮೇಲು ಮೂವತ್ತು ವರ್ಷ ನಾಟಕ ಮಾಡಿದಳು. ಆದರೆ ಮುಂಪರದೆ ಸರಿಯುವಾಗ ರಂಗದ ಮೇಲೆ ಒಂದು ಸಲವೂ ಇರಲಿಲ್ಲ. ಅವಳಿಗೆ ಅಭಿನಯ ಬರುತ್ತಿರಲಿಲ್ಲ ಎಂದಲ್ಲ. ಟಿಕೆಟ್ ಕೌಂಟರಿನಲ್ಲಿ ಕೂರಲು ಬೇರೆ ಯಾರೂ ಇರಲಿಲ್ಲ.

ನಮ್ಮ ನಾಟಕ ತಂಡ ತಿದಿ ಬಳಗದ ಪದ್ಧತಿ ಅದು. ಖಜಾಂಚಿಯಾದವರು ನಾಟಕ ಶುರುವಾಗುವ ಮೂರನೇ ಬೆಲ್ ಆಗುವವರೆಗೆ ಕೌಂಟರ್ ಬಿಟ್ಟು ಏಳಬಾರದು. ಮೂರನೇ ಬೆಲ್ ಆದ ಮೇಲೆ ದುಡ್ಡಿನ ಡಬ್ಬಿಗೆ ಬೀಗ ಹಾಕಿ, ಹಿಂಬಾಗಿಲಿನಿಂದ ಗ್ರೀನ್ ರೂಮಿಗೆ ಓಡಿ, ಸೀರೆ ಬದಲಿಸಿ, ಮುಖಕ್ಕೆ ಒಂದಿಷ್ಟು ಬಣ್ಣ ಮೆತ್ತಿಕೊಳ್ಳಬೇಕು. ಹಾಗಾಗಿ ನಿರ್ದೇಶಕರು ಅವಳಿಗೆ ಕೊಡುತ್ತಿದ್ದದ್ದು ತಡವಾಗಿ ಬರುವ ಪಾತ್ರಗಳನ್ನೇ. ಪಕ್ಕದ ಮನೆಯವಳು, ಸೂಲಗಿತ್ತಿ, ಕೊನೆಯ ದೃಶ್ಯದಲ್ಲಿ ಹೆಣದ ಮುಂದೆ ಅಳುವವಳು. ಹೆಣಕ್ಕಾದರೂ ಮೊದಲ ಅಂಕದಲ್ಲಿ ನಾಲ್ಕು ಮಾತು ಇರುತ್ತಿತ್ತು, ಅವಳಿಗೆ ಅದೂ ಇಲ್ಲ.

ಚಾಮರಾಜಪೇಟೆಯ ಹಳೆಯ ಅಯ್ಯಂಗಾರಿ ಮನೆತನ. ಒಂದು ಸಹಕಾರಿ ಬ್ಯಾಂಕಿನಲ್ಲಿ ಗುಮಾಸ್ತೆಯಾಗಿದ್ದಳು. ಮದುವೆ ಮಾಡಿಕೊಳ್ಳಲಿಲ್ಲ. ಕಾರ್ಖಾನೆ ಗೇಟುಗಳ ಮುಂದೆ ನಾವು ಬೀದಿನಾಟಕ ಆಡುತ್ತಿದ್ದ ಕಾಲದಲ್ಲಿ ಮಡಿಸೀರೆಯ ಮನೆಯಿಂದ ತಮಟೆ ಬಡಿಯಲು ಬಂದವಳು. ಲಾಠಿ ಏಟು ತಿಂದಿದ್ದಾಳೆ. ಪೊಲೀಸ್ ವ್ಯಾನಿನಲ್ಲಿ ನಮ್ಮೆಲ್ಲರಿಗೂ ಪುಳಿಯೋಗರೆ ಹಂಚಿದ್ದಾಳೆ. ದನಿ ಒರಟು, ಮೈ ದಪ್ಪ, ಮಾತು ನೇರ. ಬಳಗ ಬೀದಿ ಬಿಟ್ಟು ರಂಗಮಂದಿರದೊಳಗೆ ಹೋದಾಗ ಲೆಕ್ಕ ಬರೆಯುವವರು ಬೇಕಾದರು. ಬ್ಯಾಂಕಿನವಳು ತಾನೇ ಎಂದು ಇವಳನ್ನು ಕೂರಿಸಿದರು. ಕೂತವಳನ್ನು ಮತ್ತೆ ಏಳಿಸಲಿಲ್ಲ.

ಅವಳು ಬ್ಯಾಂಕಿನಿಂದ ನಿವೃತ್ತಿಯಾದ ವರ್ಷ ನಿರ್ದೇಶಕ ಕೈಲಾಸ್ ಹೊಸ ನಾಟಕ ಬರೆದ. ಮುಚ್ಚಿಹೋದ ಒಂದು ಗಿರಣಿಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದ ಮುನಿಯಕ್ಕ ಎಂಬ ಹೆಂಗಸಿನ ಕಥೆ. ಪರದೆ ಸರಿದಾಗ ಮುನಿಯಕ್ಕ ಒಬ್ಬಳೇ ಇರುತ್ತಾಳೆ. ಮಾತಿಲ್ಲ. ಒಲೆ ಹಚ್ಚುತ್ತಾಳೆ, ನೀರಿಡುತ್ತಾಳೆ, ಅಕ್ಕಿ ಕೇರುತ್ತಾಳೆ. ನಾಟಕ ಮುಗಿಯುವವರೆಗೂ ಆ ಒಲೆಯ ಮುಂದಿನಿಂದ ಕದಲುವುದಿಲ್ಲ.

"ಅಕ್ಕ, ಇದು ನಿಮಗೇ ಬರ್ದಿರೋದು," ಎಂದ ಕೈಲಾಸ್.

"ಕೌಂಟರಲ್ಲಿ ಯಾರು ಕೂತ್ಕೋತಾರೆ? ನಿಮ್ಮಪ್ಪನ್ನ ಕರ್ಸ್ತೀಯಾ?"

"ನಮ್ಮ ಸೆಕ್ರೆಟರಿ ಗೌರೀಶ ಯಾರನ್ನಾದ್ರೂ ನೋಡ್ತಾನೆ. ಈಗೆಲ್ಲಾ ಮೊಬೈಲಲ್ಲೇ ಟಿಕೆಟು, ಸ್ಕ್ಯಾನ್ ಮಾಡಿ ಒಳಗ್ ಬಿಡೋದಷ್ಟೆ."

ಅಲಮೇಲು ಹಸ್ತಪ್ರತಿಯನ್ನು ಚೀಲದಲ್ಲಿಟ್ಟುಕೊಂಡು ಗಾಂಧಿ ಬಜಾರಿನ ಹೋಟೆಲಿಗೆ ಹೋಗಿ, ಎಂದೂ ತಿನ್ನದ ಮಸಾಲೆ ದೋಸೆ ತಿಂದಳು. ವಾರ ಕಳೆಯುವುದರೊಳಗೆ ಇಡೀ ಪಾತ್ರ ಬಾಯಿಗೆ ಬಂದಿತ್ತು. ಸೊಪ್ಪು ಬಿಡಿಸುವಾಗ, ಬಸ್ಸಿನಲ್ಲಿ ಕೂತಾಗ ಅವಳ ತುಟಿ ಅಲ್ಲಾಡುತ್ತಿತ್ತು. ಆಮೇಲೆ ಖಜಾಂಚಿಯ ಕೆಲಸಕ್ಕೆ ಕೂತಳು, ನಾಟಕದ ಬಜೆಟ್ ಬರೆದಳು.

ಬಜೆಟ್ ಸಭೆ ನಡೆದದ್ದು ಚಿಕ್ಕಪೇಟೆಯಲ್ಲಿ, ಅಧ್ಯಕ್ಷ ವಿಶ್ವಾರಾಧ್ಯರ ಸೀರೆ ಅಂಗಡಿಯ ಮಹಡಿಯಲ್ಲಿ. ಮೂರು ತಲೆಮಾರಿನ ಸಗಟು ವ್ಯಾಪಾರ. ಗಿರಾಕಿಗಳಿಗೆ ಸೀರೆ ಹರಡುವ ಬಿಳಿ ಹಾಸಿನ ಮೇಲೆಯೇ ಎಲ್ಲರೂ ಚಕ್ಕಳಮಕ್ಕಳ ಹಾಕಿ ಕೂತರು. ವಿಶ್ವಾರಾಧ್ಯರು ಪ್ರತಿ ನಾಟಕಕ್ಕೂ ಐವತ್ತು ಸಾವಿರ ದೇಣಿಗೆ ಕೊಡುತ್ತಾರೆ ಎಂದು ಊರೆಲ್ಲ ಹೊಗಳುತ್ತದೆ. ಅದರಲ್ಲಿ ಇಪ್ಪತ್ತು ಸಾವಿರ ಅಂಗಡಿಯಲ್ಲಿ ಓಡದ ಸರಕು, ಪಾತ್ರಧಾರಿಗಳ ಬಟ್ಟೆಗೆ ಎಂದು ಕೊಡುವ ಸೀರೆ, ಪಂಚೆ. ಅಲಮೇಲು ಅದನ್ನು ಆದಾಯದ ಕಡೆ ದೇಣಿಗೆ ಎಂದೂ, ಖರ್ಚಿನ ಕಡೆ ವೇಷಭೂಷಣ ಎಂದೂ ಎರಡೂ ಕಡೆ ಬರೆಯುತ್ತಿದ್ದಳು. ಕೈಗೆ ಬಾರದ ದುಡ್ಡು ಕೈಯಲ್ಲಿದೆ ಎಂದು ತೋರಬಾರದಲ್ಲ.

ಖರ್ಚು ಓದಿದಳು. ತಾಲೀಮಿಗೆ ಚಾಮರಾಜಪೇಟೆಯ ಶಾಲೆಯ ಸಭಾಂಗಣ, ಎರಡು ತಿಂಗಳ ಬಾಡಿಗೆ ಇಪ್ಪತ್ನಾಲ್ಕು ಸಾವಿರ. ವೇಷಭೂಷಣಕ್ಕೆ ಮೂವತ್ತು. ರಂಗಸಜ್ಜಿಕೆಗೆ ನಲವತ್ತೈದು, ಯಾಕೆಂದರೆ ಕೈಲಾಸನಿಗೆ ಗಿರಣಿಯ ಗೋಡೆ ಪ್ಲೈವುಡ್ಡಿನಲ್ಲೇ ಆಗಬೇಕು. ಬೆಳಕಿಗೆ ಹದಿನೈದು, ಮೇಕಪ್ಪಿಗೆ ಎಂಟು. ಒಂದೇ ದಿನ ಮಧ್ಯಾಹ್ನ, ಸಂಜೆ ಎರಡು ಪ್ರದರ್ಶನ, ರಂಗಮಂದಿರದ ಬಾಡಿಗೆ ಹದಿನಾರು. ಪ್ರಚಾರಕ್ಕೆ ಇಪ್ಪತ್ತು. ಟೆಂಪೋ, ಕಾಫಿ ತಿಂಡಿಗೆ ಹನ್ನೆರಡು. ನಿರ್ದೇಶಕರ ಗೌರವಧನ ಇಪ್ಪತ್ತು. ನಟರಿಗೆ ಏನೂ ಇಲ್ಲ, ಎಂದಿನಂತೆ. ಒಟ್ಟು ಒಂದು ಲಕ್ಷದ ತೊಂಬತ್ತು ಸಾವಿರ.

"ಆದಾಯ ಹೇಳಮ್ಮ," ಎಂದರು ವಿಶ್ವಾರಾಧ್ಯರು.

"ನಿಮ್ಮ ದೇಣಿಗೆ ಐವತ್ತು. ಬ್ರೋಷರಿನ ಜಾಹೀರಾತು ನಲವತ್ತು. ಟಿಕೆಟ್ಟಿಂದ ನಲವತ್ತೇಳೂವರೆ. ಐವತ್ತೆರಡೂವರೆ ಸಾವಿರ ಕಮ್ಮಿ ಬೀಳುತ್ತೆ."

ಕಾರ್ಯದರ್ಶಿ ಗೌರೀಶ್ ಕಾಫಿ ಲೋಟ ಕೆಳಗಿಟ್ಟ. ಅವನು ನಟನೂ ಹೌದು, ಈ ನಾಟಕದಲ್ಲಿ ಗಿರಣಿ ಮಾಲೀಕನ ಪಾತ್ರ ಅವನದು. "ಏನ್ ಮೇಡಂ ಇದು? ಇನ್ನೂರು ರೂಪಾಯಿ ಟಿಕೆಟ್ಟು, ಎರಡು ಶೋ. ಪಾಸ್ ಕಳೆದ್ರೂ ನಾನೂರೆಂಬತ್ತು ಸೀಟಿದೆ. ತೊಂಬತ್ತಾರು ಸಾವಿರ ಆಗ್ಬೇಕಲ್ವಾ?"

"ಹೋದ ಮೂರು ನಾಟಕಕ್ಕೂ ಎರಡೂ ಶೋ ಸೇರಿ ಇನ್ನೂರೈವತ್ತರ ಮೇಲೆ ಹೋಗಿಲ್ಲ. ಅದ್ರಲ್ಲಿ ಅರ್ಧ ಆನ್‌ಲೈನು, ಅವ್ರು ನೂರಕ್ಕೆ ಹತ್ತು ಹಿಡ್ಕೋತಾರೆ. ಇಷ್ಟೇ ಬರೋದು."

"ಹೌಸ್‌ಫುಲ್ ಅಂತ ಬರ್ಕೊಳಿ. ಎಲ್ಲಾ ತಂಡದವ್ರೂ ಹಂಗೇ ಬರ್ಯೋದು. ಜೊತೆಗೆ ಸರ್ಕಾರದ ಅನುದಾನ ಒಂದು ಲಕ್ಷ ಸೇರ್ಸಿ."

"ಅನುದಾನ ನಾಟಕ ಆದ್ಮೇಲೆ, ಬಿಲ್ಲು ಫೋಟೋ ಎಲ್ಲಾ ಕೊಟ್ಟು, ಅವ್ರಿಗೆ ಮನಸ್ಸು ಬಂದಾಗ ಬರೋದು. ಬಡಗಿಗೆ ಮುಂದಿನ ವರ್ಷ ಬಾ ಅಂತೀಯಾ? ಪುಟ್ಟಯ್ಯಂಗೆ ಏನಂತೀಯಾ?"

ಬೆಳಕಿನ ಸಾಮಾನು ಬಾಡಿಗೆಗೆ ಕೊಟ್ಟು, ತಾನೇ ಏಣಿ ಹತ್ತಿ ದೀಪ ಕಟ್ಟುವವನು ಪುಟ್ಟಯ್ಯ. ಹೋದ ನಾಟಕಕ್ಕೆ ಇದೇ ಗೌರೀಶನ ಹೌಸ್‌ಫುಲ್ ಲೆಕ್ಕ ನಂಬಿದ್ದರಿಂದ ಪುಟ್ಟಯ್ಯನ ದುಡ್ಡು ತಿಂಗಳುಗಟ್ಟಲೆ ನಿಂತಿತ್ತು. ಅವನು ಅಧ್ಯಕ್ಷರ ಅಂಗಡಿಗೆ ಹೋಗಲಿಲ್ಲ. ಅಲ್ಲಿ ಬಾಗಿಲಲ್ಲೇ ನಿಲ್ಲಿಸುತ್ತಾರೆ. ಅಲಮೇಲು ಮನೆಯ ಜಗಲಿಗೆ ಬಂದು ಸುಮ್ಮನೆ ಕೂರುತ್ತಿದ್ದ. ಕೂಲಿಗಾರರ ಪರ ನಾಟಕ ಆಡಿ ಕೂಲಿಗಾರನನ್ನು ಜಗಲಿಯಲ್ಲಿ ಕೂರಿಸಿದ ಮರ್ಯಾದಸ್ಥರು ನಾವು. ಆವತ್ತೇ ಅವಳು ಇನ್ನು ಮೇಲೆ ಸುಳ್ಳು ಆದಾಯ ಬರೆಯುವುದಿಲ್ಲ ಎಂದು ತೀರ್ಮಾನ ಮಾಡಿದ್ದಳು.

ಟಿಕೆಟ್ ಆದಾಯವನ್ನು ನಾಲ್ಕು ಬೆರಳು ಉದ್ದ ಮಾಡಿ ಬರೆದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಸಭೆ ಬೋಂಡಾ ತಿಂದು ಏಳುತ್ತಿತ್ತು. ಪಾತ್ರ ಅವಳದೇ ಆಗಿರುತ್ತಿತ್ತು. ನೇಣಿಗೆ ತನ್ನ ಕುತ್ತಿಗೆಯ ಅಳತೆಯನ್ನು ತಾನೇ ಸರಿಯಾಗಿ ಕೊಟ್ಟಳು.

ವಿಶ್ವಾರಾಧ್ಯರು ವ್ಯಾಪಾರಸ್ಥರು. ಕಮ್ಮಿ ಎಂದರೆ ಗಾಬರಿಯಾಗುವುದಿಲ್ಲ, ಎಲ್ಲಿ ಕತ್ತರಿಸಬೇಕು ಎಂದು ನೋಡುತ್ತಾರೆ. "ಕೈಲಾಸ್, ಗೋಡೆ ಬೇಡ. ಬಟ್ಟೆ ಇಳಿಬಿಡು. ಹದಿನೈದು ಸಾವಿರ ಉಳೀತು."

ಕೈಲಾಸ್ ಮುಖ ಸಿಂಡರಿಸಿದ, ಒಪ್ಪಿದ. ತನ್ನ ಗೌರವಧನದ ಮಾತು ಬರುವ ಮುಂಚೆ ಒಪ್ಪುವುದು ಒಳ್ಳೆಯದು ಎಂದು ಅವನಿಗೆ ಗೊತ್ತಿತ್ತು.

"ಇನ್ನು ಉಳಿದಿದ್ದು ಟಿಕೆಟ್ಟು," ಎಂದರು ವಿಶ್ವಾರಾಧ್ಯರು. "ಮಾನ್ಯ ಅಂತ ಇದಾಳಲ್ಲ, ಸೀರಿಯಲ್ಲಲ್ಲಿ ಸೊಸೆ ಪಾರ್ಟು ಮಾಡ್ತಾಳೆ. ನಮ್ಮ ಅಂಗಡಿ ಜಾಹೀರಾತಿಗೆ ಬಂದಿದ್ಲು. ರಂಗಭೂಮೀಲಿ ಒಂದು ಒಳ್ಳೆ ಪಾತ್ರ ಮಾಡ್ಬೇಕು ಅಂತ ಆಸೆಯಂತೆ. ಸಂಭಾವನೆ ಬೇಡ ಅಂತಾಳೆ. ಓಡಾಡೋಕೆ ಕಾರು, ಅವಳ ಮೇಕಪ್ಪಿನವನು, ನಾಲ್ಕು ಸಾವಿರ ಖರ್ಚು. ಅವಳೊಂದು ವಿಡಿಯೋ ಹಾಕಿದ್ರೆ ಎರಡೂ ಶೋ ತುಂಬ್ತವೆ. ಏನಂತೀರಿ?"

"ಪಕ್ಕದ್ಮನೆ ಹೆಂಗಸಿನ ಪಾತ್ರ ಇದೆ, ಕೊಡೋಣ," ಎಂದ ಕೈಲಾಸ್, ಅಲಮೇಲು ಕಡೆ ನೋಡದೆ.

"ಪಕ್ಕದ್ಮನೇವ್ಳನ್ನ ನೋಡೋಕೆ ಯಾರ್ರೀ ಇನ್ನೂರು ರೂಪಾಯಿ ಕೊಡ್ತಾರೆ? ಪೋಸ್ಟರಲ್ಲಿ ಅವಳ ಮುಖ ಇರ್ಬೇಕು."

ಆಮೇಲೆ ಅದೇ ವಿಶ್ವಾರಾಧ್ಯರು, ಗಿರಾಕಿಯ ಮುಂದೆ ಸೀರೆ ಮಡಿಚುವಷ್ಟು ಮೆತ್ತಗೆ, "ಅಲಮೇಲು ಅವ್ರೇ, ಲೆಕ್ಕ ಹಾಕಿ ನೋಡಿ," ಎಂದರು.

ಅವಳು ಹಾಕಿದಳು. ಹಾಕುವುದು ಅವಳ ಕೆಲಸ. ಹೆಚ್ಚಿಗೆ ಇನ್ನೂರ ಮೂವತ್ತು ಟಿಕೆಟ್, ಎಲ್ಲವೂ ಆನ್‌ಲೈನಿನಲ್ಲೇ. ಕಮಿಷನ್ ಕಳೆದರೆ ನಲವತ್ತೊಂದು ಸಾವಿರದ ನಾನೂರು. ಕಾರು, ಮೇಕಪ್ಪು ಕಳೆದರೆ ಮೂವತ್ತೇಳು ಸಾವಿರದ ನಾನೂರು. ಗೋಡೆ ಕತ್ತರಿಸಿದ ಮೇಲೆ ಉಳಿದ ಕೊರತೆ ಮೂವತ್ತೇಳು ಸಾವಿರದ ಐನೂರು.

"ನೂರು ರೂಪಾಯಿ ಕಮ್ಮಿ," ಎಂದಳು.

ವಿಶ್ವಾರಾಧ್ಯರು ಜುಬ್ಬದ ಜೇಬಿನಿಂದ ನೂರರ ನೋಟು ತೆಗೆದು ಬಿಳಿ ಹಾಸಿನ ಮೇಲೆ ಅವಳ ಮುಂದೆ ಇಟ್ಟರು. ಗೌರೀಶ್ ಗೊಳ್ಳೆಂದು ನಕ್ಕ. ಕೈಲಾಸನೂ ನಕ್ಕ. "ತಗೊಳಿ, ಬಜೆಟ್ ಸಮ ಆಯ್ತು!" ಎಂದರು ವಿಶ್ವಾರಾಧ್ಯರು.

"ರಸೀದಿ ಯಾರ ಹೆಸರಿಗೆ ಬರೀಲಿ?" ಎಂದು ಅಲಮೇಲು ಕೇಳಿದಳು. ಅದಕ್ಕೂ ನಕ್ಕರು.

ಮೆಟ್ಟಿಲಿಳಿಯುವಾಗ ಕೈಲಾಸ್ ಹಿಂದೆ ಬಂದ. "ಅಕ್ಕ, ಇವೆರಡು ಶೋ ಮಾತ್ರ. ಆಮೇಲೆ ಅವ್ಳಿಗೆಲ್ಲಿ ಡೇಟಿರುತ್ತೆ? ಮೂರನೇ ಶೋಯಿಂದ ಮುನಿಯಕ್ಕ ನೀವೇ. ಅಧ್ಯಕ್ಷರೂ ಒಪ್ಪಿದಾರೆ."

"ಮೂರನೇ ಶೋ ಆಗುತ್ತಾ?"

"ಯಾರಾದ್ರೂ ಕರೀತಾರೆ ಬಿಡಿ. ನಾಟಕ ಚೆನ್ನಾಗಿದೆ."

ಮೊದಲ ಎರಡು ಪ್ರದರ್ಶನ ಹಾಳಾಗದೆ ಮುಗಿದರೆ ಸಾಕು, ಆಮೇಲೆ ತನ್ನದು. ಆ ಒಂದು ಮಾತಿಗೆ ಜೋತುಬಿದ್ದು ಅವಳು ಬಜೆಟ್ಟಿಗೆ ಸಹಿ ಹಾಕಿದಳು.

ಮಾನ್ಯ ಕೆಟ್ಟವಳೇನಲ್ಲ. ಮೂವತ್ತರ ಹುಡುಗಿ, ತಾಲೀಮಿಗೆ ವಾರದಲ್ಲಿ ಎರಡು ದಿನ ಬರುತ್ತಿದ್ದಳು, ಬಂದಾಗಲೆಲ್ಲ ಕಾರಿನಲ್ಲಿ ಎಲ್ಲರಿಗೂ ಬಾದಾಮಿ ಹಾಲು ತರುತ್ತಿದ್ದಳು. ಅದರ ಖರ್ಚೂ ಅವಳದೇ. ಶಾಲೆಯ ಸಭಾಂಗಣದಲ್ಲಿ ಬೆಂಚುಗಳನ್ನು ಗೋಡೆಗೆ ತಳ್ಳಿ, ಮುಗಿದ ಮೇಲೆ ಮತ್ತೆ ಸಾಲು ಹಚ್ಚಬೇಕಿತ್ತು. ಬಾಡಿಗೆಯ ಷರತ್ತು ಅದು. ಅವಳೂ ಬೆಂಚು ಹಿಡಿದಳು, ಅದನ್ನು ವಿಡಿಯೋ ಮಾಡಿಸಿ ಹಾಕಿದಳು. ಮೂರು ದಿನದಲ್ಲಿ ಎರಡೂ ಪ್ರದರ್ಶನದ ಟಿಕೆಟ್ ಮುಗಿದವು.

ಪಾತ್ರದ ಮಾತು ಮಾತ್ರ ಅವಳ ನೆನಪಲ್ಲಿ ನಿಲ್ಲುತ್ತಿರಲಿಲ್ಲ. ಸೀರಿಯಲ್ಲಿನಲ್ಲಿ ಕ್ಯಾಮೆರಾ ಪಕ್ಕ ನಿಂತವರು ಒಂದೊಂದೇ ಸಾಲು ಹೇಳಿಕೊಡುತ್ತಾರೆ, ಇವರು ಅದನ್ನೇ ಒಪ್ಪಿಸುತ್ತಾರೆ. ಅದೇ ಅಭ್ಯಾಸ.

"ಸಾರ್, ಪ್ರಾಂಪ್ಟಿಂಗ್ ಯಾರಾದ್ರೂ ಕೊಟ್ರೆ ನಂಗೆ ಏನೂ ಪ್ರಾಬ್ಲಮ್ ಇಲ್ಲ," ಎಂದಳು ಕೈಲಾಸನಿಗೆ.

ಇಡೀ ಪಾತ್ರ ಯಾರಿಗೆ ಬಾಯಿಪಾಠ ಎಂದು ಎಲ್ಲರಿಗೂ ಗೊತ್ತಿತ್ತು. ಪ್ರಾಂಪ್ಟರಿಗೆ ದುಡ್ಡು ಇಟ್ಟಿಲ್ಲ ಎಂದೂ ಎಲ್ಲರಿಗೂ ಗೊತ್ತಿತ್ತು. ಎಲ್ಲರೂ ಅಲಮೇಲು ಕಡೆ ನೋಡಿದರು.

"ಆಂಟಿ, ಪ್ಲೀಸ್," ಎಂದಳು ಮಾನ್ಯ.

ಕೌಂಟರಿಗೆ ಯಾರನ್ನೂ ಗೌರೀಶ್ ಹುಡುಕಲಿಲ್ಲ. ಹುಡುಕುವ ಅಗತ್ಯ ಈಗೇನಿದೆ? ಪ್ರದರ್ಶನದ ದಿನ ಅಲಮೇಲು ಎಂದಿನಂತೆ ಕೌಂಟರಿನಲ್ಲಿ ಕೂತು ಮೊಬೈಲು ಸ್ಕ್ಯಾನ್ ಮಾಡಿದಳು, ಹೌಸ್‌ಫುಲ್ ಬೋರ್ಡು ತಾನೇ ನೇತುಹಾಕಿದಳು. ಮೂವತ್ತು ವರ್ಷದಲ್ಲಿ ಆ ಬೋರ್ಡಿಗೆ ಧೂಳು ಬಿಟ್ಟರೆ ಬೇರೇನೂ ಅಂಟಿರಲಿಲ್ಲ. ಮೂರನೇ ಬೆಲ್ ಆಯಿತು. ಡಬ್ಬಿಗೆ ಬೀಗ ಹಾಕಿ ಹಿಂದಕ್ಕೆ ಓಡಿದಳು. ಅವಳು ಹೋಗುವಷ್ಟರಲ್ಲಿ ಪರದೆ ಸರಿದಿತ್ತು, ಮಾನ್ಯ ಒಲೆ ಹಚ್ಚಿ ಆಗಿತ್ತು.

ಒಲೆಯ ಹಿಂದೆ ಗಿರಣಿಯ ಗೋಡೆಯ ಬದಲು ಇಳಿಬಿಟ್ಟ ಬಟ್ಟೆ. ಅದರ ಹಿಂದೆ ನಿಂತು ಅಲಮೇಲು ಮುನಿಯಕ್ಕನ ಒಂದೊಂದು ಮಾತನ್ನೂ ಪಿಸುಗುಟ್ಟಿದಳು. ಅವಳ ದನಿ ಪಿಸುಗುಟ್ಟುವುದಕ್ಕಲ್ಲ, ಗೇಟಿನ ಮುಂದೆ ಕೂಗುವುದಕ್ಕೆ ಹದವಾದದ್ದು. ಪ್ಲೈವುಡ್ ಇದ್ದಿದ್ದರೆ ತಡೆಯುತ್ತಿತ್ತು. ಬಟ್ಟೆ ತಡೆಯಲಿಲ್ಲ. ಮುಂದಿನ ಸಾಲುಗಳಿಗೆ ಪ್ರತಿ ಮಾತೂ ಎರಡು ಸಲ ಕೇಳಿತು, ಮೊದಲು ಒರಟಾಗಿ, ಆಮೇಲೆ ಇಂಪಾಗಿ. ಯಾರೋ ಕಿಸಕ್ಕೆಂದರು.

ಮಧ್ಯಾಹ್ನದ ಪ್ರದರ್ಶನ ಮುಗಿದ ಮೇಲೆ ವಿಶ್ವಾರಾಧ್ಯರು ಗ್ರೀನ್ ರೂಮಿಗೆ ಬಂದರು. ಎಲ್ಲರ ಮುಂದೆಯೇ ಶುರು ಮಾಡಿದರು.

"ಏನ್ರೀ ಅದು? ಮೂರನೇ ಸಾಲಿಗೆ ಕೇಳ್ತಿದೆ ನಿಮ್ಮ ಗಂಟಲು!"

"ಬಟ್ಟೆ ಹಿಂದೆ ನಿಂತ್ರೆ ಕೇಳ್ದೆ ಇರುತ್ತಾ? ಗೋಡೆ ಕತ್ತರ್ಸಿದ್ದು ನೀವು."

"ನಂಗೆ ಲೆಕ್ಕ ಹೇಳ್ಕೊಡ್ಬೇಡಿ. ಪಾತ್ರ ಹೋಯ್ತು ಅಂತ ಹೊಟ್ಟೆಕಿಚ್ಚು ನಿಮಗೆ. ಬೇಕು ಬೇಕಂತ ಕೂಗ್ತಿದೀರಿ."

ಅಲಮೇಲು ಕೈಲಾಸನ ಕಡೆ ನೋಡಿದಳು. ಅವನು ಒಲೆಯೊಳಗಿನ ಕೆಂಪು ಬಲ್ಬನ್ನು ಬಿಚ್ಚಿ ಒರೆಸುತ್ತಿದ್ದ, ಅದಕ್ಕಿಂತ ಮುಖ್ಯವಾದ ಕೆಲಸ ಜಗತ್ತಿನಲ್ಲಿಲ್ಲ ಎನ್ನುವ ಹಾಗೆ. ಪೊಲೀಸ್ ವ್ಯಾನಿನಲ್ಲಿ ಅವಳ ಕೈಯಿಂದ ಪುಳಿಯೋಗರೆ ತಿಂದವರಲ್ಲಿ ಅವನೂ ಒಬ್ಬ.

"ಮುಚ್ಕೊಂಡಿರ್ಲಾ ಹಂಗಾದ್ರೆ?" ಎಂದಳು.

"ಮುಚ್ಕೊಳಿ. ಕೊನೇ ದೃಶ್ಯದಲ್ಲಾದ್ರೂ ಮುಚ್ಕೊಳಿ."

ಕೊನೆಯ ದೃಶ್ಯದಲ್ಲಿ ಗಿರಣಿ ಮಾಲೀಕನ ಮುಂದೆ ಮುನಿಯಕ್ಕನದು ಒಂದು ಪುಟದ ಮಾತು. ಬೆಂದ ಅನ್ನದ ಲೆಕ್ಕ, ಬೆಂದ ಕೈಯ ಲೆಕ್ಕ, ಕೊಡಬೇಕಾದ ಕೂಲಿಯ ಲೆಕ್ಕ. ನಾಟಕ ನಿಂತಿರುವುದೇ ಅದರ ಮೇಲೆ. ಸಂಜೆಯ ಪ್ರದರ್ಶನದಲ್ಲಿ ಅಲ್ಲಿಯವರೆಗೆ ಅಲಮೇಲು ಗಂಟಲು ಹಿಸುಕಿಕೊಂಡು ಹೇಳಿಕೊಟ್ಟಳು. ಗೌರೀಶ್ ಮಾಲೀಕನ ಕೋಟು ಹಾಕಿಕೊಂಡು ಬಂದು, "ನಿಂಗೇನೇ ಕೊಡ್ಬೇಕು ನಾನು?" ಎಂದು ಗದರಿದ.

ಈಗ ಮಾನ್ಯಳ ಸರದಿ. ಅಲಮೇಲು ಬಾಯಿ ಮುಚ್ಚಿಕೊಂಡಳು.

ಅಧ್ಯಕ್ಷರು ಹೇಳಿದ್ದಕ್ಕೆ ಮುಚ್ಚಿಕೊಂಡಳು ಎಂದು ಸುಳ್ಳು ಬರೆಯುವುದಿಲ್ಲ. ಅವಳಿಗೆ ಆ ಹುಡುಗಿ ಐನೂರು ಕಣ್ಣುಗಳ ಮುಂದೆ ಬೆತ್ತಲೆ ನಿಲ್ಲುವುದನ್ನು ನೋಡಬೇಕಿತ್ತು. ಬಟ್ಟೆಯ ಅಂಚು ಸರಿಸಿ ನೋಡಿದಳು.

ಮಾನ್ಯ ಬಾಯಿ ತೆರೆದಳು, ಮುಚ್ಚಿದಳು. ಕಣ್ಣು ಬಟ್ಟೆಯ ಕಡೆ ಓಡಿತು. ಮತ್ತೆ ಬಾಯಿ ತೆರೆದಳು. ಕೈಯಿಂದ ಸೌಟು ಬಿತ್ತು. ಹುಡುಗಿಯ ಕಣ್ಣಲ್ಲಿ ನೀರು ತುಂಬಿ ಕೆನ್ನೆಗಿಳಿಯಿತು. ಭಯದ ನೀರು, ಅಪ್ಪಟ. ಗೌರೀಶ್ ಏನು ಮಾಡಬೇಕೋ ತಿಳಿಯದೆ ತಲೆ ತಗ್ಗಿಸಿದ. ಮೇಲೆ ಪುಟ್ಟಯ್ಯ, ದೃಶ್ಯ ಮುಗಿಯಿತೆಂದುಕೊಂಡು, ಎಲ್ಲ ದೀಪ ಇಳಿಸಿ ಒಲೆಯ ಕೆಂಪು ಬಲ್ಬೊಂದನ್ನೇ ಉಳಿಸಿದ.

ಆಮೇಲೆ ಇಡೀ ರಂಗಮಂದಿರ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಬಸವನಗುಡಿಯ ಮೇಷ್ಟ್ರುಗಳು, ಸೀರಿಯಲ್ ನೋಡಲು ಬಂದ ಹೆಂಗಸರು, ಎಲ್ಲರೂ ಅತ್ತರು. ಕೂಲಿ ಕೇಳಲು ಮಾತೇ ಹೊರಡದ ಹೆಣ್ಣು! ಎಂಥ ಮೌನ! ಮುಂದಿನ ಸಾಲಿನಲ್ಲಿದ್ದ ವಿಶ್ವಾರಾಧ್ಯರು ಕರವಸ್ತ್ರ ತೆಗೆದರು. ಕೈಲಾಸ್ ಗ್ರೀನ್ ರೂಮಿಗೆ ನುಗ್ಗಿ, "ಕ್ಲೈಮ್ಯಾಕ್ಸ್ ಸಿಕ್ತು! ನಾನು ದಂಡಕ್ಕೆ ಒಂದು ಪುಟ ಬರ್ದಿದ್ದೆ. ಆ ಮಾತೇ ಬೇಡ, ಕಿತ್ತಾಕಿ!" ಎಂದು ಕೂಗಿದ.

ಮಾನ್ಯ ಬಣ್ಣ ತೆಗೆಯುತ್ತಿದ್ದಳು. ಸೌಟು, ಪಾತ್ರೆ ಚೀಲಕ್ಕೆ ತುಂಬುತ್ತಿದ್ದ ಅಲಮೇಲುವನ್ನು ಕನ್ನಡಿಯಲ್ಲೇ ನೋಡಿದಳು.

"ಆಂಟಿ, ನೀವು ಬೇಕಂತಲೇ ನಿಲ್ಸಿದ್ರಿ ಅಲ್ವಾ?"

ಅಲಮೇಲು ಚೀಲದ ಬಾಯಿ ಕಟ್ಟಿದಳು.

"ಥ್ಯಾಂಕ್ಸ್. ಮುಂದಿನ ಸಲವೂ ಅಲ್ಲೇ ನಿಲ್ಸಿ. ಡೇಟ್ ನಾನು ಹೆಂಗೋ ಅಡ್ಜಸ್ಟ್ ಮಾಡ್ಕೋತೀನಿ."

ಹೊಂದಿಸಿಕೊಂಡಳು. ಆ ಮೌನದ ವಿಡಿಯೋ ಊರೆಲ್ಲ ಸುತ್ತಿತು. ಮಲ್ಲೇಶ್ವರದ ಒಂದು ಸಂಘದವರು ಮೂರನೇ ಪ್ರದರ್ಶನಕ್ಕೆ ಕರೆದರು, ಖರ್ಚೆಲ್ಲ ಅವರದೇ, ಮೇಲೆ ಬಳಗಕ್ಕೆ ನಲವತ್ತು ಸಾವಿರ. ಮಾನ್ಯ ಇದ್ದರೆ ಮಾತ್ರ ಎಂದು ಪತ್ರದಲ್ಲೇ ಬರೆದಿದ್ದರು. ಹಿಂದೆಯೇ ಇನ್ನೂ ಎಂಟು ಕಡೆಯಿಂದ ಕರೆ ಬಂತು. ಕೈಲಾಸ್ ಅಲಮೇಲುಗೆ ಫೋನ್ ಮಾಡಿ, "ಅಕ್ಕ, ಪರಿಸ್ಥಿತಿ ನಿಮಗೇ ಗೊತ್ತಲ್ಲ," ಎಂದ. ಬಳಗದಲ್ಲಿ ಮೊದಲ ಸಲ ಲಾಭ. ಪುಟ್ಟಯ್ಯನಿಗೆ ದುಡ್ಡು ಪ್ರದರ್ಶನದ ದಿನವೇ ಸಿಕ್ಕಿತ್ತು. ಅದೊಂದೇ ನೆಟ್ಟಗಾದದ್ದು, ಅದನ್ನೂ ಮಾಡಿದ್ದು ಅಲಮೇಲುವೇ.

ಉಳಿದ ದುಡ್ಡಲ್ಲಿ ಮಾನ್ಯಳಿಗೆ ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ ಎಂದು ತೀರ್ಮಾನವಾಯಿತು. ಪೇಟವನ್ನು ಅಲಮೇಲು ಚಿಕ್ಕಪೇಟೆಯಲ್ಲಿ ಚೌಕಾಸಿ ಮಾಡಿ ತಂದಳು. ನೀವು ಕೇಳಬಹುದು, ಅವಳು ಉಗಿದು ಹೊರಗೆ ಬರಬಾರದಿತ್ತೇ ಎಂದು. ಎಲ್ಲಿಗೆ? ಈ ಊರಿನಲ್ಲಿ ಅವಳಿಗೆ ನಾಟಕ ಬಿಟ್ಟರೆ ಇದ್ದದ್ದು ಪಿಂಚಣಿ ಮತ್ತು ಮಧ್ಯಾಹ್ನದ ನಿದ್ದೆ.

ಮಲ್ಲೇಶ್ವರದ ಪ್ರದರ್ಶನಕ್ಕೆ ಪ್ರವೇಶ ಉಚಿತ. ಟಿಕೆಟ್ ಇಲ್ಲ, ಡಬ್ಬಿ ಇಲ್ಲ, ಕೌಂಟರ್ ಇಲ್ಲ. ಮೂವತ್ತು ವರ್ಷದಲ್ಲಿ ಮೊದಲ ಸಲ ಅಲಮೇಲು ಮೊದಲನೇ ಬೆಲ್ ಆಗುವಾಗಲೇ ರಂಗದ ಹಿಂದೆ ಬಂದು ನಿಂತಿದ್ದಳು. ಎರಡನೇ ಬೆಲ್ ಆಯಿತು. ಲಾಭದ ದುಡ್ಡಲ್ಲೂ ಗೋಡೆ ಕಟ್ಟಿಸಿರಲಿಲ್ಲ, ಅದೇ ಬಟ್ಟೆ. ಮಾನ್ಯ ನರೆಗೂದಲಿನ ವಿಗ್ಗು ಸರಿಮಾಡಿಕೊಂಡು ಒಲೆಯ ಮುಂದೆ ಕೂತಳು. ಮೂರನೇ ಬೆಲ್ ಆಯಿತು.

"ಆಂಟಿ, ಬೆಂಕಿಪೊಟ್ಟಣ," ಎಂದು ಹಿಂದೆ ತಿರುಗದೆಯೇ ಕೈ ಚಾಚಿದಳು.

ಅಲಮೇಲು ಬಟ್ಟೆಯ ಸಂದಿಯಿಂದ ಕೊಟ್ಟು, ಕೈ ಒಳಗೆಳೆದುಕೊಂಡಳು. ಪರದೆ ಸರಿಯಿತು.